ಕಡಾಯಿಯೊಳಗಿನ ಗೋಲಿ: ಉರುಳಿದರೆ ಯಾಕೆ ತಡ?

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ರೂಮಿನಲ್ಲಿ ಮಿರ್ಚಿ ಕರಿಯುವ ಕಡಾಯಿ ಇದೆ. ಬಾಯಿ 30 ಸೆಂ.ಮೀ. ಅಗಲ, ಆಳ 9 ಸೆಂ.ಮೀ. ಬಾಯಿಯ ಅರ್ಧ ಅಗಲ a, ಆಳ h ಅಂದುಕೊಂಡರೆ ಬಾಗಿನ ತ್ರಿಜ್ಯ R = (a² + h²)/2h. ನಮಗೆ 17 ಸೆಂ.ಮೀ. ಬಂತು. ತಳ ಚಪ್ಪಟೆ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ಒಳಗೆ 1 ಸೆಂ.ಮೀ. ತ್ರಿಜ್ಯದ ಗಾಜಿನ ಗೋಲಿ ಬಿಟ್ಟೆವು. ಗೋಲಿಯ ಕೇಂದ್ರ ಓಡಾಡುವ ಕಮಾನಿನ ತ್ರಿಜ್ಯ R − r, ಅಂದರೆ 16 ಸೆಂ.ಮೀ. ಘರ್ಷಣೆಯೇ ಇಲ್ಲದೆ ಜಾರಿದರೆ ಅದು ಅಷ್ಟೇ ಉದ್ದದ ಲೋಲಕದ ಹಾಗೆ:

T = 2π√((R − r)/g) = 0.80 ಸೆಕೆಂಡ್

ಹತ್ತು ಆಂದೋಲನಕ್ಕೆ 8 ಸೆಕೆಂಡ್ ಆಗಬೇಕಿತ್ತು. ಮೊಬೈಲಿನ ಸ್ಟಾಪ್‌ವಾಚ್ ತೋರಿಸಿದ್ದು ಒಂಬತ್ತೂವರೆಯ ಹತ್ತಿರ. ಗೆಳೆಯ ಕೇಳಿದ: "ಉರುಳೋವಾಗ ಘರ್ಷಣೆಯಿಂದ ಶಕ್ತಿ ಹೋಗಂಗಿಲ್ಲ ಅಂತೀಯಲ್ಲ, ಮತ್ತ ಟೈಮ್ ಯಾಕ ಜಾಸ್ತಿ ಆತು?"

ಒಳ್ಳೆಯ ಪ್ರಶ್ನೆ. ಶಕ್ತಿ ಹೋಗುವುದಿಲ್ಲ, ಹಂಚಿಹೋಗುತ್ತದೆ. ಕೆಳಗಿಳಿಯುವಾಗ ಸಿಗುವ ಶಕ್ತಿಯಲ್ಲಿ ಒಂದು ಪಾಲು ಗೋಲಿಯನ್ನು ತಿರುಗಿಸಲು ಬೇಕು. ಗಟ್ಟಿ ಗೋಲಿಯ ಜಡತ್ವ ಮಹತ್ವ (2/5)mr², ಉರುಳುವಾಗ v = rω. ಆದ್ದರಿಂದ ಒಟ್ಟು ಚಲನಶಕ್ತಿ

½mv² + ⅕mv² = (7/10)mv²

ಅಷ್ಟೇ ಎತ್ತರದಿಂದ ಇಳಿದರೂ ವೇಗ ಕಡಿಮೆ. ಹಾಗಾಗಿ T ಗೆ √(7/5), ಅಂದರೆ 1.18 ಪಟ್ಟು ಸೇರುತ್ತದೆ: 0.95 ಸೆಕೆಂಡ್.

ಬಲದ ಕಡೆಯಿಂದ ನೋಡಿದರೆ ಇನ್ನೂ ಚೆನ್ನ. ಬಾಗಿನ ಕೇಂದ್ರದಿಂದ ನೋಡಿದಾಗ ಗೋಲಿ ತಳದಿಂದ θ ಕೋನದಷ್ಟು ಸರಿದಿದ್ದರೆ ಘರ್ಷಣೆಯ ಬಲ (2/7)mg sinθ, ಅದು ಯಾವಾಗಲೂ ಏರಿನ ಕಡೆಗೇ ಇರುತ್ತದೆ. ಇಳಿಯುವಾಗ ಗೋಲಿಯ ತಿರುಗು ಹೆಚ್ಚಿಸುತ್ತದೆ, ಏರುವಾಗ ಅದೇ ತಿರುಗನ್ನು ತಗ್ಗಿಸುತ್ತದೆ. ಏರುವಾಗ ಅದು ಚಲನೆಯ ದಿಕ್ಕಿನಲ್ಲೇ ಇದೆ, ಗಮನಿಸಿ! ತಳದ ಕಡೆ ಎಳೆಯಲು ಉಳಿಯುವುದು (5/7)mg sinθ ಮಾತ್ರ. ಎಳೆತ ಸಡಿಲವಾದ ಮೇಲೆ ತೂಗಾಟ ನಿಧಾನ ಆಗಲೇಬೇಕಲ್ವಾ?

ನಾನು ಮೊದಲು ತಪ್ಪಿದ್ದು ω ಬರೆಯುವಲ್ಲಿ. Rθ ಉದ್ದದ ದಾರಿ ಸವೆಯಿತು ಅಂತ rω = R dθ/dt ಎಂದು ಬರೆದಿದ್ದೆ. ಸರಿಯಾದದ್ದು rω = (R − r) dθ/dt. ಪರೀಕ್ಷಿಸಲು r = R ಇಟ್ಟು ನೋಡಿ. ಗೋಲಿ ಬಟ್ಟಲಿನಲ್ಲಿ ಸರಿಯಾಗಿ ಕೂತುಬಿಟ್ಟಿದೆ, ಜಾರದೆ ತಿರುಗಲು ಆಗುವುದೇ ಇಲ್ಲ. ಎರಡನೆಯ ಸೂತ್ರ ω = 0 ಕೊಡುತ್ತದೆ, ನನ್ನದು ಕೊಡುವುದಿಲ್ಲ.

ಗೋಲಿ ತೆಗೆದು ಟೇಬಲ್ ಟೆನಿಸ್ ಚೆಂಡು ಹಾಕಿ. ಅದರ ತ್ರಿಜ್ಯ 2 ಸೆಂ.ಮೀ., ಕಮಾನು 15 ಸೆಂ.ಮೀ.ಗೆ ಇಳಿಯಿತು. ಆದರೂ ಲೆಕ್ಕದಲ್ಲಿ T ಸುಮಾರು 1.0 ಸೆಕೆಂಡ್. ಟೊಳ್ಳು ಚೆಂಡಿನ ತೂಕವೆಲ್ಲ ಅಂಚಿನಲ್ಲಿದೆ, 2/5 ಬದಲು 2/3 ಬರುತ್ತದೆ. ಗಾಳಿಯ ತಡೆಗೆ ಅದು ಬೇಗ ನಿಲ್ಲುತ್ತದೆ, ಸುಮ್ನೆ ಐದು ಆಂದೋಲನ ಎಣಿಸಿದರೆ ಸಾಕು.

ಹತ್ತು ಡಿಗ್ರಿಯೊಳಗೆ ಬಿಡಿ, ಪಕ್ಕಕ್ಕೆ ತಳ್ಳಬೇಡಿ. ಜಾರದಿರಲು ಘರ್ಷಣಾಂಕ (2/7)tanθ ಇದ್ದರೆ ಸಾಕು. ಹತ್ತು ಡಿಗ್ರಿಗೆ ಅದು ಬರೀ 0.05. ಒಣ ಕಡಾಯಿಯಲ್ಲಿ ಅಷ್ಟು ಸಿಗುತ್ತದೆ, ಎಣ್ಣೆ ಜಿಡ್ಡು ಮಾತ್ರ ತೊಳೆದಿರಬೇಕು.