ಖಾಲಿ ಗಾಡಿ ಬಂತು, ಕಬ್ಬೆಲ್ಲಿ?

ಮಂಡ್ಯ ಹತ್ರ ನಮ್ಮ ಚಿಕ್ಕಪ್ಪಂದು ಒಂದು ಸಣ್ಣ ನರ್ಸರಿ ಇದೆ, ಕಬ್ಬಿನ ಟ್ರೇ ಸಸಿ ಮಾಡಿ ಮಾರ್ತಾರೆ. ಅದಕ್ಕೊಂದು ವೆಬ್‌ಸೈಟು ಮಾಡಿಕೊಟ್ಟಿದ್ದು ನಾನೇ. ರೈತರು ಹೆಸರು, ಊರು, ತಳಿ, ಎಷ್ಟು ಸಸಿ ಅಂತ ತುಂಬಿ ಬಟನ್ ಒತ್ತಿದ್ರೆ ಚಿಕ್ಕಪ್ಪಂಗೆ ಮೇಲ್ ಬರುತ್ತೆ, ಅಷ್ಟೇ. ಒಂದಿನ ಫೋನ್ ಮಾಡಿ, "ಏನ್ಲಾ ಇದು, ಬರೀ ಖಾಲಿ ಖಾಲಿ ಮೇಲ್ ಬತ್ತಾವೆ" ಅಂದ್ರು. ಹೋಗಿ ನೋಡಿದ್ರೆ ನಿಜ. "ಹೆಸರು:" ಅಂತಿದೆ, ಮುಂದೆ ಏನೂ ಇಲ್ಲ. "ತಳಿ:" ಅಂತಿದೆ, ಮುಂದೆ ಏನೂ ಇಲ್ಲ. ಹನ್ನೊಂದು ದಿನದಿಂದ ಹಿಂಗೇ.

ಚಿಕ್ಕಮ್ಮ ಆಗಲೇ ತೀರ್ಮಾನ ಕೊಟ್ಟಾಗಿತ್ತು. ನಾನು ಸೈಟಲ್ಲಿ ಏನೋ ಬದಲಾಯಿಸಿದ್ದು ಅಮಾಸೆ ದಿನವಂತೆ, ಜೊತೆಗೆ ಪಕ್ಕದ ನರ್ಸರಿಯವರ ಕಣ್ಣು ಬೇರೆ. ಮೋಡೆಮ್ ಮೇಲೆ ಒಂದು ನಿಂಬೆಹಣ್ಣು ಕೂತಿತ್ತು. ನಂಗೆ ಇಂಥವೆಲ್ಲ ಕೇಳಿದ್ರೆ ಮೈ ಉರಿಯುತ್ತೆ, ಆದ್ರೆ ಅದಕ್ಕಿಂತ ಜಾಸ್ತಿ ಉರಿಸಿದ್ದು ನನ್ನ ಸ್ನೇಹಿತನೊಬ್ಬ, ಅವನೂ ಸಾಫ್ಟ್‌ವೇರಲ್ಲೇ ಇರೋನು, "ನೆಟ್‌ವರ್ಕ್ ವೀಕ್ ಇದ್ರೆ ಡೇಟಾ ದಾರೀಲಿ ಕಳೆದೋಗುತ್ತೆ ಮಗಾ" ಅಂದ. ದಾರೀಲಿ ಕಳೆಯೋಕೆ ಇದೇನು ಚಿಲ್ಲರೆ ಕಾಸಾ? ಸಂಪರ್ಕ ಕಡಿದ್ರೆ ರಿಕ್ವೆಸ್ಟೇ ಪೂರ್ತಿ ಆಗಲ್ಲ, ಬ್ರೌಸರ್ ಎರರ್ ತೋರಿಸುತ್ತೆ. ಹೆಸರಿನ ಕಾಲಂ ಒಂದು, ಊರಿನ ಕಾಲಂ ಒಂದು ಅಂತ ಎಲ್ಲಾನೂ ಅಚ್ಚುಕಟ್ಟಾಗಿ ಖಾಲಿ ಮಾಡಿ, ಮೇಲ್ ಮಾತ್ರ ತಲುಪಿಸೋ ವೀಕ್ ನೆಟ್‌ವರ್ಕನ್ನ ನಾನಂತೂ ಕಂಡಿಲ್ಲ.

ಸರ್ವರ್ ಲಾಗ್ ತೆಗೆದೆ. ಒಬ್ಬ ರೈತ ಒಂದು ಸಲ ಬಟನ್ ಒತ್ತಿದ್ದಕ್ಕೆ ಎರಡು ಸಾಲು:

```
"POST /booking.php HTTP/1.1" 301
"GET /booking.php HTTP/1.1" 200
```

ಉತ್ತರ ಪೂರ್ತಿ ಇದರಲ್ಲೇ ಇದೆ. ಪೋಸ್ಟ್ ಅಂದ್ರೆ ಡೇಟಾ ಕೊಡೋದು, ಗೆಟ್ ಅಂದ್ರೆ ಬರೀ ಪುಟ ಕೇಳೋದು. ಪೋಸ್ಟ್ ಆಗಿ ಬಂದಿದ್ದು ಮುಂದಿನ ಸಾಲಲ್ಲಿ ಗೆಟ್ ಆಗಿದೆ, ಮಧ್ಯ 301, ಅಂದ್ರೆ "ಈ ವಿಳಾಸ ಕಾಯಂ ಆಗಿ ಬದಲಾಗಿದೆ" ಅನ್ನೋ ಉತ್ತರ. ಅಮಾಸೆ ದಿನ ನಾನು ಮಾಡಿದ್ದು ಇಷ್ಟೇ: ಸೈಟು `www` ಇದ್ದೂ ಇಲ್ಲದೇನೂ ಎರಡು ವಿಳಾಸದಲ್ಲಿ ತೆರೀತಿತ್ತು, ಒಂದೇ ಇರ್ಲಿ ಅಂತ ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೆ ಇದನ್ನ ಸೇರಿಸಿದ್ದೆ (ವಿಳಾಸ ಬದಲಾಯಿಸಿ ಬರ್ದಿದೀನಿ):

```
server_name example.in;
return 301 https://www.example.in$request_uri;
```

ಫಾರಂ ಒಳಗೆ ಮಾತ್ರ ಹಳೇ ವಿಳಾಸ, `www` ಇಲ್ಲದ್ದು, ಪೂರ್ತಿಯಾಗಿ ಬರೆದಿದ್ದು ಹಂಗೇ ಉಳಿದಿತ್ತು.

ಈಗ ಆಲೆಮನೆ ಲೆಕ್ಕದಲ್ಲಿ ನೋಡಿ. ಗಾಡಿ ತುಂಬ ಕಬ್ಬು ಹೇರ್ಕೊಂಡು ರೈತ ಹಳೇ ಆಲೆಮನೆಗೆ ಬಂದ. ಬಾಗಿಲಲ್ಲಿ ಬೋರ್ಡು, ಅದೇ 301: "ಆಲೆಮನೆ ಕಾಯಂ ಆಗಿ ಆ ಕಡೆ ಹೋಗಿದೆ." ಗಾಡಿಯವನು ಏನ್ಮಾಡ್ದ ಅಂದ್ರೆ ಕಬ್ಬನ್ನೆಲ್ಲ ಆ ಬಾಗಿಲಲ್ಲೇ ಸುರಿದು, ಖಾಲಿ ಗಾಡಿ ಹೊಡ್ಕೊಂಡು ಹೊಸ ಆಲೆಮನೆಗೆ ಹೋಗಿ "ಬೆಲ್ಲ ಹೆಂಗೆ ಸ್ವಾಮಿ?" ಅಂತ ಕೇಳ್ದ. ಕಬ್ಬು ತಂದುಕೊಡೋದು ಪೋಸ್ಟು, ಬೆಲ್ಲದ ರೇಟು ಕೇಳೋದು ಗೆಟ್ಟು. ಹೊಸ ಆಲೆಮನೆಯವನ ದೃಷ್ಟಿಯಲ್ಲಿ ಯಾರೋ ಬಂದ್ರು, ಕೈಯಲ್ಲಿ ಏನೂ ಇರ್ಲಿಲ್ಲ. ನನ್ನ ಪಿಎಚ್‌ಪಿ ಕೋಡು ಅಷ್ಟು ದಡ್ಡ, "ಕಬ್ಬು ತರದೆ ಯಾಕಪ್ಪ ಬಂದೆ" ಅಂತ ಕೇಳದೆ ಖಾಲಿ ಚೀಟಿ ಬರ್ದು ಚಿಕ್ಕಪ್ಪಂಗೆ ಕಳಿಸ್ತಿತ್ತು.

ಈ ಹೋಲಿಕೆ ಒಂದು ಕಡೆ ಕುಂಟುತ್ತೆ. ಕಬ್ಬು ಸುರಿದ್ರೆ ಗಾಡೀಲಿ ಇರಲ್ಲ, ಆದ್ರೆ ಫಾರಂ ಡೇಟಾದ ಪ್ರತಿ ಬ್ರೌಸರ್ ಹತ್ರ ಇನ್ನೂ ಇರುತ್ತೆ. ತಾಲ್ಲೂಕು ಕಚೇರಿ ಅನ್ಕೊಳ್ಳಿ: ಅರ್ಜಿಯ ಜೆರಾಕ್ಸ್ ಬ್ಯಾಗಲ್ಲಿದೆ, ಮೊದಲ ಕಿಟಕಿಯವನು ಅರ್ಜಿ ಇಸ್ಕೊಂಡು ಓದದೆ ಬುಟ್ಟಿಗೆ ಹಾಕಿ "ಮೂರನೇ ಕೌಂಟರಿಗೆ ಹೋಗಿ" ಅಂದ, ನೀವು ಮೂರನೇ ಕೌಂಟರಿಗೆ ಹೋಗಿ ಬ್ಯಾಗು ತೆಗೀದೆ ಸುಮ್ನೆ ನಿಂತ್ಕೊಂಡ್ರಿ. ಅಂದ್ರೆ ಕೈ ಎತ್ತಿದ್ದು ಸರ್ವರ್ ಒಂದೇ ಅಲ್ಲ, ಬ್ರೌಸರ್ರೂ ಬೇಕಂತಲೇ ಕೊಡಲಿಲ್ಲ. ಈಗಿನ ನಿಯಮವೇ ಹಂಗಿದೆ: 301 ಅಥವಾ "ಸದ್ಯಕ್ಕೆ ಆ ಕಡೆ" ಅನ್ನೋ 302 ಬಂತು, ಹೋಗಿದ್ದು ಪೋಸ್ಟು, ಆಗ ಅದನ್ನ ಗೆಟ್ ಮಾಡು, ಒಳಗಿನ ಸರಕು ತೆಗೆದುಬಿಡು.

ಇಂಥ ವಿಚಿತ್ರ ನಿಯಮ ಯಾಕೆ ಅಂದ್ರೆ ಅದೊಂದು ಹಳೇ ತಪ್ಪಿನ ಕಥೆ, ನಂಗೆ ಭಾರಿ ಇಷ್ಟ. 1996ರಲ್ಲಿ ಬ್ರೌಸರ್-ಸರ್ವರ್ ಮಾತುಕತೆಯ ನಿಯಮ ಆದ ಎಚ್‌ಟಿಟಿಪಿ 1.0 ದಾಖಲೆ ಬಂದಾಗ ಅದರಲ್ಲಿ ಸ್ಪಷ್ಟವಾಗಿ ಇತ್ತು, ಪೋಸ್ಟಿಗೆ 301 ಬಂದ್ರೆ ಬಳಕೆದಾರರನ್ನ ಕೇಳದೆ ಮುಂದೆ ಹೋಗಬಾರದು ಅಂತ. ಪಕ್ಕದಲ್ಲೇ ಒಂದು ಟಿಪ್ಪಣಿ, ಕೆಲವು ಬ್ರೌಸರ್‌ಗಳು ಇದನ್ನ ತಪ್ಪಾಗಿ ಗೆಟ್ ಮಾಡಿಬಿಡ್ತವೆ ಅಂತ. ಅಷ್ಟೊತ್ತಿಗೇ ಕೆಟ್ಟಿತ್ತು! ಆದ್ರೆ ಜನಕ್ಕೆ ಈ ತಪ್ಪೇ ಅನುಕೂಲ ಆಯ್ತು: ಫಾರಂ ತಗೊಂಡ್ಮೇಲೆ "ಧನ್ಯವಾದ" ಪುಟಕ್ಕೆ ಕಳಿಸಬೇಕು ಅಂದ್ರೆ ಅಲ್ಲಿಗೆ ಬರೀ ಗೆಟ್ ಹೋದ್ರೆ ಸಾಕಲ್ಲ, ರಿಫ್ರೆಶ್ ಒತ್ತಿದ್ರೂ ಎರಡನೇ ಸಲ ಆರ್ಡರ್ ಆಗಲ್ಲ. ಎಲ್ರೂ ಅದನ್ನೇ ನಂಬಿ ಸೈಟು ಕಟ್ಟಿದ್ರು. ಆಮೇಲೆ ತಿದ್ದೋಕೆ ಹೋದ್ರೆ ಅರ್ಧ ವೆಬ್ಬು ಮುರೀತದೆ. ಅದಕ್ಕೆ 1997ರಲ್ಲಿ 303 ತಂದ್ರು, "ಗೆಟ್ ಆಗಿ ಹೋಗು" ಅಂತ ನೇರವಾಗಿ ಹೇಳೋದು. 1999ರಲ್ಲಿ 307 ಬಂತು, "ಸದ್ಯಕ್ಕೆ ಆ ಕಡೆ, ಸರಕು ಸಮೇತ ಹೋಗು" ಅಂತ. "ಕಾಯಂ ಆಗಿ, ಸರಕು ಸಮೇತ" ಅನ್ನೋದಕ್ಕೆ ನಂಬರೇ ಇರ್ಲಿಲ್ಲ, 308 ಬಂದಿದ್ದು 2014ರಲ್ಲಿ. ಅದೇ ವರ್ಷ 301ರಲ್ಲಿ ಪೋಸ್ಟನ್ನ ಗೆಟ್ ಮಾಡಬಹುದು ಅಂತ ದಾಖಲೆಯೂ ಒಪ್ಕೊಂಡುಬಿಡ್ತು.

ಇದನ್ನ ಹಿಡಿಯೋದು ಕಷ್ಟ ಆಗೋದು ಯಾಕಂದ್ರೆ ಉಳಿದಿದ್ದೆಲ್ಲ ಸರಿ ಇರುತ್ತೆ. ಪುಟಗಳು ತೆರೀತವೆ, ಯಾಕಂದ್ರೆ ಅವು ಹೆಂಗೂ ಗೆಟ್. ಸೈಟಲ್ಲಿ ತಳಿ ಹುಡುಕೋ ಡಬ್ಬಿ ಇತ್ತು, ಅದೂ ಕೆಲಸ ಮಾಡ್ತಿತ್ತು, ಯಾಕಂದ್ರೆ ಅದರ ಡೇಟಾ ವಿಳಾಸದ ಬಾಲದಲ್ಲೇ ಹೋಗುತ್ತೆ, `$request_uri` ಆ ಬಾಲಾನೂ ಹೊತ್ತೊಯ್ಯುತ್ತೆ. ಸಾಯೋದು ಪೋಸ್ಟ್ ಒಂದೇ. ಅನುಮಾನ ಇದ್ರೆ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬಲ್ಲಿ `Preserve log` ಟಿಕ್ ಮಾಡಿ ಫಾರಂ ಕಳಿಸಿ, 301ರ ಕೆಳಗೆ ಗೆಟ್ ಕಂಡ್ರೆ ಅದೇ ರೋಗ. ಟರ್ಮಿನಲ್ ಇದ್ರೆ ಇದು:

```
curl -v -L -d 'tali=86032&sasi=500' https://example.in/booking.php
```

ಇಲ್ಲಿ `-X POST` ಸೇರಿಸ್ಬೇಡಿ ಮಾತ್ರ. ಸೇರಿಸಿದ್ರೆ ಎರಡನೇ ಸಲಾನೂ ಹೆಸರಿಗೆ ಪೋಸ್ಟೇ ಹೋಗುತ್ತೆ, ಒಳಗೆ ಸರಕಿರಲ್ಲ, ನೀವು ಇನ್ನೆರಡು ಗಂಟೆ ತಲೆ ಕೆರ್ಕೋತೀರ. ನಾನು ಕೆರ್ಕೊಂಡಿದೀನಿ.

ಮೊದಲು ಫಾರಂ ಒಳಗಿನ ವಿಳಾಸಾನ ಬರೀ `/booking.php` ಮಾಡ್ದೆ, ಬೋರ್ಡು ಓದೋ ಪ್ರಸಂಗಾನೇ ಬರ್ಬಾರ್ದು. ಮೊಬೈಲಲ್ಲಿ ಹಳೇ ಪುಟ ತೆರೆದಿಟ್ಕೊಂಡೋರೂ ಇರ್ತಾರೆ ಅಂತ ಎಂಜಿನ್‌ಎಕ್ಸ್‌ನಲ್ಲಿ 301 ತೆಗೆದು 308 ಹಾಕ್ದೆ. ಪಿಎಚ್‌ಪಿಗೂ ಸ್ವಲ್ಪ ಬುದ್ಧಿ ಕಲಿಸ್ದೆ, ಪೋಸ್ಟ್ ಅಲ್ದೆ ಬೇರೆ ಬಂದ್ರೆ 405 ಎರರ್ ಕೊಟ್ಟು ವಾಪಸ್ ಕಳಿಸು ಅಂತ. ಇದು ಮೊದಲೇ ಇದ್ದಿದ್ರೆ ಮೊದಲನೇ ರೈತನೇ ಎರರ್ ನೋಡಿ ಫೋನ್ ಮಾಡಿರೋನು. ಒಂದು ಮಾತು, ಸಾದಾ `http` ಇಂದ `https`ಗೆ ಕಳಿಸೋಕೆ 308 ಹಾಕಿದ್ರೆ ಡೇಟಾ ತಲುಪುತ್ತೆ ನಿಜ, ಆದ್ರೆ ಮೊದಲನೇ ಸಲ ಬಟಾಬಯಲಲ್ಲಿ ಹೋಗಿರುತ್ತೆ, ಮರೀಬೇಡಿ.

ಹೋಗಿದ್ದು ಮಾತ್ರ ಹೋಯ್ತು. ಎಂಜಿನ್‌ಎಕ್ಸ್ ಲಾಗಲ್ಲಿ ಸಮಯ ಇರುತ್ತೆ, ಐಪಿ ಇರುತ್ತೆ, ಫಾರಂ ಒಳಗೆ ಏನಿತ್ತು ಅನ್ನೋದು ಇರಲ್ಲ. ಪೋಸ್ಟ್ 301 ಅಂತ ಎಣಿಸಿದ್ರೆ ಇಪ್ಪತ್ಮೂರು ಸಾಲು, ಖಾಲಿ ಮೇಲೂ ಇಪ್ಪತ್ಮೂರು. ಚಿಕ್ಕಪ್ಪ ಆ ಸಮಯಗಳನ್ನ ತಮ್ಮ ಮಿಸ್ಡ್ ಕಾಲ್ ಪಟ್ಟಿ ಜೊತೆ ಇಟ್ಕೊಂಡು ಕೂತು ಆರು ಜನಾನ ಪತ್ತೆ ಮಾಡಿದ್ರು, ಉಳಿದ ಹದಿನೇಳು ಯಾರೋ ಏನೋ. ನಿಂಬೆಹಣ್ಣು ತೆಗೀಲಾ ಅಂತ ಚಿಕ್ಕಮ್ಮನ್ನ ಕೇಳ್ದೆ. "ಈಗ ಸರಿ ಓಗ್ಯದಲ್ಲ, ಯಾಕ್ ಮುಟ್ಟೀಯೆ, ಬುಡು" ಅಂದ್ರು.