ಕಳ್ಳ ಅಂದ ಮಾತ್ರಕ್ಕೆ ಕಳ್ಳ ಆಗ್ತಾರಾ? ಹಣೆಪಟ್ಟಿ ಸಿದ್ಧಾಂತದ ಬಗ್ಗೆ ಮತ್ತದೇ ಪ್ರಶ್ನೆ

ಪ್ರಶ್ನೆ: ವಿಚಲನೆಯ ಸಮಾಜಶಾಸ್ತ್ರ ಪತ್ರಿಕೆಯಲ್ಲಿ ‘ಅಧಿಕೃತ ಶಿಕ್ಷೆಯು ವಿಚಲಿತ ಗುರುತನ್ನು ಗಟ್ಟಿಗೊಳಿಸುತ್ತದೆ, ವಿವರಿಸಿ’ ಅಂತ ಕೇಳುತ್ತಾರೆ. ಶಿಕ್ಷೆ ಕೊಟ್ಟರೆ ಹೆದರಿ ಸುಮ್ಮನಾಗಬೇಕಲ್ವಾ? ಕಳ್ಳ ಅಂತ ಕರೆದ ಮಾತ್ರಕ್ಕೆ ಒಬ್ಬ ಕಳ್ಳ ಆಗಿಬಿಡುತ್ತಾನಾ?

ಉತ್ತರ: ಆಗುವುದಿಲ್ಲ. ಆಗುತ್ತಾನೆ ಅಂತ ಹಣೆಪಟ್ಟಿ ಸಿದ್ಧಾಂತ ಹೇಳಿಯೂ ಇಲ್ಲ. ಪರೀಕ್ಷೆ ಹತ್ತಿರ ಬಂದಾಗೆಲ್ಲ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಆಮೇಲೆ ಉತ್ತರ ಪತ್ರಿಕೆ ತೆರೆದರೆ ಮೊದಲ ಸಾಲೇ ಹೀಗಿರುತ್ತದೆ: ‘ಸಮಾಜವು ಒಬ್ಬನನ್ನು ಕಳ್ಳ ಎಂದು ಕರೆದರೆ ಅವನು ಕಳ್ಳನಾಗುತ್ತಾನೆ.’ ಗೈಡುಗಳಲ್ಲಿ ಹೀಗೇ ಅಚ್ಚಾಗಿದೆಯೋ ಏನೋ. ಇರಲಿ, ಇನ್ನೊಂದು ಸಲ ಹೇಳೋಣ.

ಮೂಲ ವಿಷಯ ನಿಮಗೆ ಗೊತ್ತೇ ಇದೆ. ವಿಚಲನೆ ಅಂದರೆ ಸಮಾಜದ ನಿಯಮ ಮೀರಿದ ನಡತೆ. ಒಂದು ಕೆಲಸ ತನ್ನಷ್ಟಕ್ಕೇ ವಿಚಲನೆ ಆಗುವುದಿಲ್ಲ, ಬೇರೆಯವರು ನಿಯಮ ಮಾಡಿ, ಅದನ್ನು ಕೆಲವರ ಮೇಲೆ ಹೇರಿ, ಅವರನ್ನು ‘ಹೊರಗಿನವರು’ ಅಂದಾಗ ಆಗುತ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿ ಹೇಳಿದರು. ಅದಕ್ಕೂ ಮೊದಲೇ, 1951ರಲ್ಲಿ, ಅಲ್ಲಿಯವರೇ ಆದ ಎಡ್ವಿನ್ ಲೆಮರ್ಟ್ ಎರಡು ಬಗೆಯ ವಿಚಲನೆಗಳನ್ನು ಬೇರೆ ಮಾಡಿದ್ದರು. ಮೊದಲ ಸಲ ತಪ್ಪಿದ್ದು ಪ್ರಾಥಮಿಕ. ಅದಕ್ಕೆ ನೂರು ಕಾರಣ ಇರಬಹುದು. ಬಡತನ, ಹುಡುಗಾಟ, ಸಹವಾಸ, ಏನು ಬೇಕಾದರೂ. ಅದರ ಕಾರಣ ಹುಡುಕುವುದು ಈ ಸಿದ್ಧಾಂತದ ಕೆಲಸವೇ ಅಲ್ಲ. ಆ ತಪ್ಪಿಗೆ ಸಮಾಜ ತೋರಿದ ಪ್ರತಿಕ್ರಿಯೆಯನ್ನು ಎದುರಿಸುತ್ತಾ ಎದುರಿಸುತ್ತಾ ಮನುಷ್ಯ ಆ ತಪ್ಪಿನ ಸುತ್ತಲೇ ತನ್ನ ಬದುಕನ್ನು ಕಟ್ಟಿಕೊಂಡರೆ ಅದು ದ್ವಿತೀಯಕ. ಈ ಸಿದ್ಧಾಂತ ಮಾತಾಡುವುದು ಇದರ ಬಗ್ಗೆ ಮಾತ್ರ.

ಈಗ ಆ ಹಠಮಾರಿ ಸಾಲಿಗೆ ಬರೋಣ.

ಲೆಮರ್ಟ್ ಕೊಡುವ ಉದಾಹರಣೆ ಶಾಲೆಯ ಒಬ್ಬ ತುಂಟ ಹುಡುಗನದು. ಹುಡುಗ ತರಗತಿಯಲ್ಲಿ ಏನೋ ಕೀಟಲೆ ಮಾಡುತ್ತಾನೆ. ಟೀಚರ್ ಸಣ್ಣ ಶಿಕ್ಷೆ ಕೊಡುತ್ತಾರೆ. ಮತ್ತೊಂದು ದಿನ ಬೇಕಂತಲ್ಲ, ಕೈತಪ್ಪಿ ಗಲಾಟೆ ಆಗುತ್ತದೆ. ಮತ್ತೆ ಬೈಗುಳ. ಆಮೇಲೆ ಅವನು ಮಾಡದೇ ಇದ್ದ ತಪ್ಪೂ ಅವನ ತಲೆಗೇ ಬರುತ್ತದೆ. ಟೀಚರ್ ಬಾಯಲ್ಲಿ ‘ಕೆಟ್ಟ ಹುಡುಗ’ ಅನ್ನುವ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಹುಡುಗನಿಗೆ ಸಿಟ್ಟು ಹತ್ತುತ್ತದೆ. ಒಳ್ಳೆಯವನು ಅನ್ನಿಸಿಕೊಳ್ಳುವ ದಾರಿ ಮುಚ್ಚಿದೆ ಅನ್ನಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ: ಕೆಟ್ಟ ಹುಡುಗನಾಗಿದ್ದರೆ ಬರೀ ಏಟಲ್ಲ, ಒಂದಿಷ್ಟು ಲಾಭವೂ ಇದೆ. ಆಗ ಆ ಪಾತ್ರವನ್ನೇ ಒಪ್ಪಿಕೊಂಡುಬಿಡುವ ಆಸೆ ಹುಟ್ಟುತ್ತದೆ.

ಇಲ್ಲಿ ಹೆಸರು ಯಾವಾಗ ಬಂತು, ನೋಡಿ. ಆರಂಭದಲ್ಲಿ ಅಲ್ಲ. ತಪ್ಪು, ಶಿಕ್ಷೆ, ಮತ್ತೆ ತಪ್ಪು, ಇನ್ನೂ ದೊಡ್ಡ ಶಿಕ್ಷೆ ಅಂತ ಹಗ್ಗಜಗ್ಗಾಟ ನಡೆದು, ನಡೆದು, ಕೊನೆಗೆ. ಅಷ್ಟಾದ ಮೇಲೂ ಹುಡುಗ ಹಾಗೇ ಆಗಬೇಕೆಂದಿಲ್ಲ. ನಡುವೆ ಎಲ್ಲಿ ಬೇಕಾದರೂ ಸರಪಳಿ ತುಂಡಾಗಬಹುದು. ‘ಕರೆದರೆ ಆಗುತ್ತಾನೆ’ ಅಂತ ಬರೆದವರು ಈ ಹಂತಗಳನ್ನೆಲ್ಲ ನುಂಗಿಬಿಡುತ್ತಾರೆ. ಅಂಕ ಹೋಗುವುದು ಅಲ್ಲೇ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮ. ಹಣೆಪಟ್ಟಿ ಕೆಲಸ ಮಾಡುವುದು ಮನಸ್ಸಿನೊಳಗೆ ಮಾತ್ರ ಅಂದುಕೊಳ್ಳುವುದು. ಅದು ಎದುರಿಗಿರುವವರ ಕೈಯಲ್ಲೂ ಕೆಲಸ ಮಾಡುತ್ತದೆ. ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ ಮತ್ತು ಜೆರೋಮ್ ಸ್ಕೋಲ್ನಿಕ್ 1962ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕೂಲಿ ಕೆಲಸ ಕೇಳುವ 32 ವರ್ಷದ ಒಬ್ಬ ಮನುಷ್ಯನ ವಿವರ ಇರುವ ಫೈಲು ತಯಾರಿಸಿದರು. ಅಡುಗೆಮನೆ ಸಹಾಯಕ, ರಿಪೇರಿ ಕೆಲಸ, ಹೀಗೆ ಸಣ್ಣಪುಟ್ಟ ನೌಕರಿ ಮಾಡಿದವನು. ಫೈಲು ನಾಲ್ಕು ಬಗೆಯಲ್ಲಿತ್ತು. ಒಂದರಲ್ಲಿ ಹೊಡೆದಾಟದ ಕೇಸಿನಲ್ಲಿ ಶಿಕ್ಷೆ ಆಗಿದೆ ಅಂತ. ಇನ್ನೊಂದರಲ್ಲಿ ಕೇಸು ನಡೆದು ಖುಲಾಸೆ ಆಗಿದೆ ಅಂತ. ಮೂರನೆಯದರಲ್ಲಿ ಖುಲಾಸೆಯ ಜೊತೆಗೆ ನ್ಯಾಯಾಧೀಶರ ಪತ್ರ ಬೇರೆ. ನಾಲ್ಕನೆಯದರಲ್ಲಿ ಕೇಸಿನ ಸುದ್ದಿಯೇ ಇಲ್ಲ. ಒಂದೊಂದು ಬಗೆಯನ್ನು 25 ಮಾಲೀಕರಿಗೆ ತೋರಿಸಿದರು. ಇದು ಸಂಶೋಧನೆ ಅಂತ ಅವರಿಗೆ ಗೊತ್ತಿರಲಿಲ್ಲ.

ಕೇಸೇ ಇಲ್ಲದ ಫೈಲಿಗೆ 9 ಮಂದಿ ಆಸಕ್ತಿ ತೋರಿದರು. ಶಿಕ್ಷೆಯಾದ ಫೈಲಿಗೆ ಒಬ್ಬರು. ಇದು ಊಹಿಸಬಹುದಾದದ್ದೇ. ಆದರೆ ಖುಲಾಸೆ ಆದವನಿಗೆ? ಮೂವರು. ‘ಇವನು ತಪ್ಪಿತಸ್ಥನಲ್ಲ’ ಅಂತ ನ್ಯಾಯಾಧೀಶರೇ ಬರೆದುಕೊಟ್ಟರೂ 6. ಈ ಮನುಷ್ಯ ತನ್ನನ್ನು ತಾನು ಏನಂದುಕೊಂಡಿದ್ದಾನೆ ಅನ್ನುವುದು ಇಲ್ಲಿ ಬರುವುದೇ ಇಲ್ಲ. ಅವನ ಮನಸ್ಸು ಗಟ್ಟಿಯಿದ್ದರೂ ಬಾಗಿಲು ಮುಚ್ಚಿದ್ದು ಮುಚ್ಚಿದ್ದೇ. ಸಂಬಳದ ಕೆಲಸ ಸಿಗದಿದ್ದರೆ, ಹಳೆಯ ಗೆಳೆಯರು ದೂರವಾದರೆ, ‘ನೀನೂ ನಮ್ಮವನೇ’ ಅನ್ನುವವರು ಯಾರು? ಅದೇ ದಾಖಲೆ ಹೊತ್ತವರು. ಗುರುತು ಗಟ್ಟಿಯಾಗುವುದು ಈ ದಾರಿಯಲ್ಲಿ. ಬೆಕರ್ ಇದನ್ನು ಪ್ರಧಾನ ಸ್ಥಾನಮಾನ ಅಂದರು. ಅಪ್ಪ, ಗಾರೆಯವ, ಪಕ್ಕದ ಮನೆಯವ ಅನ್ನುವ ಗುರುತುಗಳೆಲ್ಲ ಹಿಂದೆ ಸರಿದು ‘ಜೈಲಿಗೆ ಹೋಗಿ ಬಂದವ’ ಅನ್ನುವುದೊಂದೇ ಮುಂದೆ ನಿಲ್ಲುತ್ತದೆ.

‘ಆದರೆ ಶಿಕ್ಷೆಯಾದವರು ಮೊದಲಿಂದಲೂ ಜಾಸ್ತಿ ಕೆಟ್ಟವರಿರಬಹುದಲ್ವಾ? ಅದಕ್ಕೇ ಮತ್ತೆ ತಪ್ಪು ಮಾಡುತ್ತಾರೆ’ ಅಂತ ಜಾಣರು ಕೇಳುತ್ತಾರೆ. ಒಳ್ಳೆಯ ಆಕ್ಷೇಪ, ಇದನ್ನು ಕೇಳಿದರೆ ನನಗೆ ಖುಷಿ. ಇದಕ್ಕೆ ಬೇಕಾದ್ದು ಒಂದೇ ಶಿಕ್ಷೆ, ಆದರೆ ಒಬ್ಬನಿಗೆ ಹಣೆಪಟ್ಟಿ ಇದೆ, ಇನ್ನೊಬ್ಬನಿಗೆ ಇಲ್ಲ ಅನ್ನುವಂಥ ಸನ್ನಿವೇಶ. ಅಮೆರಿಕದ ಫ್ಲೋರಿಡಾ ರಾಜ್ಯದ ಕಾನೂನಿನಲ್ಲಿ ಹೆಚ್ಚುಕಡಿಮೆ ಅಂಥದ್ದೇ ಒಂದು ಇದೆ. ಗಂಭೀರ ಅಪರಾಧ ಮಾಡಿ ಪ್ರೊಬೇಷನ್, ಅಂದರೆ ಹೊರಗೇ ಇದ್ದು ಅಧಿಕಾರಿಯ ನಿಗಾದಲ್ಲಿರುವ ಶಿಕ್ಷೆ, ಪಡೆದವನ ವಿಷಯದಲ್ಲಿ ನ್ಯಾಯಾಧೀಶರು ‘ಅಪರಾಧಿ’ ಎಂಬ ಔಪಚಾರಿಕ ಘೋಷಣೆಯನ್ನು ತಡೆಹಿಡಿಯಬಹುದು. ಪ್ರೊಬೇಷನ್ ಇಬ್ಬರಿಗೂ ಇದೆ. ಘೋಷಣೆ ಆಗದವನಿಗೆ ಮತದಾನದಂಥ ಹಕ್ಕುಗಳು ಉಳಿಯುತ್ತವೆ, ಕೆಲಸದ ಅರ್ಜಿಯಲ್ಲಿ ‘ನಾನು ಅಪರಾಧಿಯಲ್ಲ’ ಅಂತ ಕಾನೂನುಬದ್ಧವಾಗಿ ಬರೆಯಬಹುದು. ಘೋಷಣೆ ಆದವನಿಗೆ ಅದಿಲ್ಲ. ಟೆಡ್ ಚಿರಿಕೋಸ್ ಮತ್ತು ಸಂಗಡಿಗರು 2007ರಲ್ಲಿ ಇಂಥ 95,919 ಜನರ ದಾಖಲೆ ನೋಡಿದರು. ಹಿಂದಿನ ದಾಖಲೆ, ಅಪರಾಧದ ಬಗೆ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೆ ಒಳಗಾಗುವ ಸಾಧ್ಯತೆ ಪಟ್ಟಿ ಬಿದ್ದವರಲ್ಲೇ ಜಾಸ್ತಿ ಇತ್ತು.

ಇದು ಚೀಟಿ ಎತ್ತಿ ಮಾಡಿದ ಪ್ರಯೋಗ ಅಲ್ಲ. ಯಾರಿಗೆ ಘೋಷಣೆ ತಡೆಹಿಡಿಯಬೇಕು ಅಂತ ಆರಿಸಿದ್ದು ನ್ಯಾಯಾಧೀಶರೇ. ಕಾಗದದಲ್ಲಿ ಇಲ್ಲದ ಏನನ್ನೋ ಅವರು ಕಟಕಟೆಯಲ್ಲಿ ಗಮನಿಸಿರಬಹುದು. ಚೀಟಿ ಎತ್ತಿದ ಪ್ರಯೋಗಗಳೂ ಇವೆ, ಬಾಲಾಪರಾಧಿಗಳ ಮೇಲೆ. ಅಂಥ 29 ಪ್ರಯೋಗಗಳನ್ನು, 7,304 ಮಕ್ಕಳನ್ನು, ಒಟ್ಟಿಗೆ ನೋಡಿದ 2010ರ ಪರಿಶೀಲನೆಯಲ್ಲಿ ಕೋರ್ಟಿನ ಪ್ರಕ್ರಿಯೆಗೆ ಒಳಪಟ್ಟವರ ತಪ್ಪು ಕಡಿಮೆಯಾಗಲಿಲ್ಲ, ಒಟ್ಟಾರೆ ಸ್ವಲ್ಪ ಹೆಚ್ಚೇ ಆಗಿತ್ತು. ‘ಸ್ವಲ್ಪ’ ಅನ್ನುವುದಕ್ಕೆ ಗೆರೆ ಎಳೆದುಕೊಳ್ಳಿ. ಶಿಕ್ಷೆಯಾದ ಪ್ರತಿಯೊಬ್ಬನೂ ಕೆಡುತ್ತಾನೆ ಅಂತ ಬರೆದರೆ ಅದೂ ತಪ್ಪು.

ಇನ್ನು ನಮ್ಮ ಕಡೆಯ ಉದಾಹರಣೆ. ಎಲ್ಲರೂ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನೇ ಬರೆಯುತ್ತಾರೆ. ಬರೆಯಿರಿ, ಆದರೆ ಹೀಗೆ ಮಾತ್ರ ಬರೆಯಬೇಡಿ: ‘ಬ್ರಿಟಿಷರು ಅಪರಾಧಿಗಳೆಂದು ಕರೆದಿದ್ದರಿಂದ ಆ ಸಮುದಾಯಗಳು ಅಪರಾಧಿಗಳಾದವು.’ ಇದನ್ನು ಓದಿದಾಗ ನಿಜಕ್ಕೂ ಸಿಟ್ಟು ಬರುತ್ತದೆ. ಬ್ರಿಟಿಷರ ಆರೋಪವನ್ನೇ ನೀವು ಸಿದ್ಧಾಂತದ ಹೆಸರಲ್ಲಿ ಒಪ್ಪಿಕೊಂಡ ಹಾಗಾಯಿತಲ್ಲ! ಅಲ್ಲಿ ಮೊದಲ ತಪ್ಪೇ ಬೇಕಿರಲಿಲ್ಲ, ಆ ಜಾತಿಯಲ್ಲಿ ಹುಟ್ಟಿದ್ದರೆ ಸಾಕಿತ್ತು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು. ಪಾಸಿಲ್ಲದೆ ಪಕ್ಕದ ಊರಿನ ಸಂತೆಗೆ ಹೋದರೆ ಅದೇ ಅಪರಾಧ. ಬೇರೆ ಯಾರಾದರೂ ಹೋದರೆ ಅದು ಬರೀ ಸಂತೆಗೆ ಹೋಗಿದ್ದು. ಅಂದರೆ ಪಟ್ಟಿ ಅಪರಾಧಿಯ ಮನಸ್ಸನ್ನು ತಯಾರಿಸಿತು ಅಂತಲ್ಲ, ನೇರವಾಗಿ ಅಪರಾಧದ ದಾಖಲೆಯನ್ನೇ ತಯಾರಿಸಿತು. ಬೆಕರ್ ಹೇಳಿದ್ದು ಇದನ್ನೇ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಹುಬ್ಬಳ್ಳಿಯಲ್ಲೂ ಇಂಥವರಿಗಾಗಿ ಒಂದು ವಸಾಹತು ಇತ್ತು. 1952ರಲ್ಲಿ ಕಾಯ್ದೆ ರದ್ದಾಯಿತು. ಆ ಜಾಗವನ್ನು ಜನ ಆಮೇಲೂ ಸೆಟ್ಲಮೆಂಟ್ ಅಂತಲೇ ಕರೆದರು.

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನಗೆ ಅದೇ ಇಷ್ಟ: ಪಟ್ಟಿ ಎಲ್ಲರಿಗೂ ಒಂದೇ ಥರ ಅಂಟುತ್ತದಾ?

ಶ್ವಾರ್ಟ್ಸ್ ಮತ್ತು ಸ್ಕೋಲ್ನಿಕ್ ಅವರ ಆ ಲೇಖನದಲ್ಲಿ ಎರಡನೇ ಭಾಗವೂ ಇದೆ. ಪಠ್ಯಪುಸ್ತಕಗಳು ಮೊದಲ ಭಾಗಕ್ಕೇ ನಿಲ್ಲಿಸಿಬಿಡುತ್ತವೆ. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಮಾಡಿದರು ಅಂತ ಕೇಸು ಹಾಕಿಸಿಕೊಂಡ 58 ಡಾಕ್ಟರರನ್ನು ಅವರು ಮಾತಾಡಿಸಿದರು. ಅವರಲ್ಲಿ 52 ಮಂದಿ ತಮ್ಮ ಪ್ರಾಕ್ಟೀಸಿಗೆ ಏನೂ ಪೆಟ್ಟು ಬೀಳಲಿಲ್ಲ ಅಂದರು. ಉಳಿದವರಲ್ಲಿ ಐವರು ಪ್ರಾಕ್ಟೀಸ್ ಇನ್ನೂ ಸುಧಾರಿಸಿತು ಅಂದರು! ಖುಲಾಸೆ ಆದ ಕೂಲಿಗೆ ಕೆಲಸ ಇಲ್ಲ, ಕೇಸು ಬಿದ್ದ ಡಾಕ್ಟರಿಗೆ ನಷ್ಟ ಇಲ್ಲ. ಡಾಕ್ಟರ ಹಿಂದೆ ಸಹೋದ್ಯೋಗಿಗಳಿದ್ದರು, ವೃತ್ತಿಯೇ ನಿಂತಿತ್ತು. ಕೂಲಿಯ ಹಿಂದೆ ಯಾರೂ ಇರಲಿಲ್ಲ.

ಹಾಗಾದರೆ ಪಟ್ಟಿ ಬಡವರಿಗೆ ಮಾತ್ರ ಅಂಟುತ್ತದೆ ಅಂತ ಬರೆದುಬಿಡಬೇಡಿ. ಫ್ಲೋರಿಡಾದಲ್ಲಿ ಉಲ್ಟಾ ಕಂಡಿತು. ಅಲ್ಲಿ ಘೋಷಣೆಯ ಪರಿಣಾಮ ಜೋರಾಗಿದ್ದದ್ದು ಹೆಂಗಸರಲ್ಲಿ, ಬಿಳಿಯರಲ್ಲಿ, ಹಿಂದೆ ಶಿಕ್ಷೆಯೇ ಆಗದೆ 30 ದಾಟಿದವರಲ್ಲಿ. ಕಪ್ಪು ಯುವಕನನ್ನು ಕೋರ್ಟಿಗೆ ಮೊದಲೇ ಬೀದಿ ಅನುಮಾನದಿಂದ ನೋಡಿರುತ್ತದೆ, ಕೋರ್ಟಿನ ಮಾತು ಅವನಿಗೆ ಹೊಸದಾಗಿ ಕಳೆಯುವುದು ಕಡಿಮೆ ಅಂತ ಒಂದು ವಿವರಣೆ. ನನಗೆ ಅದು ಸರಿ ಅನ್ನಿಸುತ್ತದೆ. ಎರಡೂ ಫಲಿತಾಂಶ ಒಟ್ಟಿಗೆ ನಿಲ್ಲುವುದಕ್ಕೆ ಅಡ್ಡಿಯೇನೂ ಇಲ್ಲ: ಡಾಕ್ಟರಿಗೆ ಪಟ್ಟಿ ಅಂಟದಂತೆ ತಡೆಯುವವರಿದ್ದರು, ಫ್ಲೋರಿಡಾದವರಿಗೆ ಅಂಟಿದ ಮೇಲೆ ತಡೆಯುವವರಿರಲಿಲ್ಲ. ಹತ್ತು ಅಂಕದ ಉತ್ತರದಲ್ಲಿ ಇಷ್ಟಕ್ಕೆಲ್ಲ ಜಾಗ ಇರುವುದಿಲ್ಲ. ಹದಿನೈದಕ್ಕೆ ಕೇಳಿದರೆ ಡಾಕ್ಟರರನ್ನು ಮರೆಯಬೇಡಿ.