ಉಬ್ಬಿದ್ದೆಲ್ಲ ಊತವಲ್ಲ: ಓಸಿಟಿ ಸ್ಕ್ಯಾನ್‌ನಲ್ಲಿ ಎಡಿಮಾ ಮತ್ತು ಡ್ರೂಸನ್

ರೆಟಿನಾದ ಓಸಿಟಿ ಚಿತ್ರ, ಅಂದರೆ ಕಣ್ಣಿನ ಹಿಂಭಾಗದ ಪರದೆಯನ್ನು ಬೆಳಕಿನಿಂದ ಸೀಳಿದ ಹಾಗೆ ತೋರಿಸುವ ಸ್ಕ್ಯಾನ್. ಕೆಳಗಿನ ಬಿಳಿ ಗೆರೆ ಮೂರು ಕಡೆ ಉಬ್ಬಿದೆ. ಚಿತ್ರದ ಅಡಿಬರಹ: ‘ಮ್ಯಾಕ್ಯುಲಾದಲ್ಲಿ ಊತ’, ಅಂದರೆ ರೆಟಿನಾದ ನಡುಭಾಗದಲ್ಲಿ ಊತ. ಇಂಥದ್ದು ಎಷ್ಟು ಕಡೆ ಕಣ್ಣಿಗೆ ಬೀಳುತ್ತಿದೆ ಅಂದರೆ, ಇನ್ನು ಸುಮ್ಮನಿರೋಕೆ ಆಗುವುದಿಲ್ಲ. ಆ ಚಿತ್ರದಲ್ಲಿರುವುದು ಡ್ರೂಸನ್. ಊತ, ಅಂದರೆ ಎಡಿಮಾ, ಬೇರೆಯೇ ವಿಷಯ. ಎಡಿಮಾ ಅಂದರೆ ರೆಟಿನಾದ ಪದರಗಳ ಒಳಗೆ ಸೇರಿಕೊಂಡ ನೀರು. ಡ್ರೂಸನ್ ಅಂದರೆ ರೆಟಿನಾದ ಅಡಿಯಲ್ಲಿ ಕೂತ ಕೊಬ್ಬು ಮತ್ತು ಪ್ರೋಟೀನಿನ ಗಡ್ಡೆ. ಮೊದಲನೆಯದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡಬೇಕಾಗಿ ಬರಬಹುದು. ಎರಡನೆಯದಕ್ಕೆ ಆ ಇಂಜೆಕ್ಷನ್ನಿಂದ ಏನೂ ಪ್ರಯೋಜನವಿಲ್ಲ. ಹಾಗಾಗಿ ಹೆಸರು ತಪ್ಪಿದರೆ ಏನಂತೆ ಎಂದು ಬಿಡುವ ಹಾಗಿಲ್ಲ.

ಚಿತ್ರ ನೋಡುವಾಗ ಹೆಚ್ಚಿನವರ ಕಣ್ಣು ಮೊದಲು ಮೇಲಿನ ಅಂಚಿಗೆ ಹೋಗುತ್ತದೆ. ನಡುವಿನ ಗುಳಿ, ಅಂದರೆ ಫೋವಿಯಾ, ಅಲ್ಲೇ ಇರುವುದರಿಂದ ಅದು ಸಹಜ. ಆದರೆ ಈ ಎರಡನ್ನು ಬೇರೆ ಮಾಡಬೇಕಾದರೆ ಕೆಳಗಿನಿಂದ ಶುರು ಮಾಡಬೇಕು. ಅಲ್ಲಿ ದಪ್ಪಗೆ ಹೊಳೆಯುವ ಗೆರೆಯೇ ಆರ್‌ಪಿಇ, ಬಣ್ಣದ ಕಣಗಳಿರುವ ಜೀವಕೋಶಗಳ ಒಂದೇ ಸಾಲು. ಅದರ ಕೆಳಗೆ ಅಂಟಿಕೊಂಡು ಬ್ರುಕ್ ಪೊರೆ ಇರುತ್ತದೆ. ಆರೋಗ್ಯವಾಗಿರುವ ಕಣ್ಣಿನಲ್ಲಿ ಇವೆರಡೂ ಸೇರಿ ಒಂದೇ ಗೆರೆಯಾಗಿ ಕಾಣುತ್ತವೆ. ಡ್ರೂಸನ್ ಹುಟ್ಟುವುದು ಇವೆರಡರ ನಡುವೆ. ಹಾಸಿದ ಜಮಖಾನದ ಕೆಳಗೆ ಕಲ್ಲು ಸೇರಿಕೊಂಡ ಹಾಗೆ ಆರ್‌ಪಿಇ ಮೇಲೇಳುತ್ತದೆ, ಬ್ರುಕ್ ಪೊರೆ ನೆಲದ ಹಾಗೆ ನೆಟ್ಟಗೇ ಉಳಿಯುತ್ತದೆ. ಅಂಟಿಕೊಂಡಿದ್ದ ಎರಡು ಗೆರೆ ಒಂದು ಕಡೆ ಬೇರೆಯಾಗಿ ಕಂಡರೆ, ಅವುಗಳ ನಡುವೆ ಬೂದು ಬಣ್ಣ ತುಂಬಿದ್ದರೆ, ಅದು ಬಹುಮಟ್ಟಿಗೆ ಡ್ರೂಸನ್.

ಬೂದು ಬಣ್ಣ ಯಾಕೆ ಅಂದರೆ, ಓಸಿಟಿ ಚಿತ್ರದಲ್ಲಿ ಕಾಣುವುದು ವಾಪಸ್ ಬಂದ ಬೆಳಕು. ಜಾಸ್ತಿ ಬೆಳಕು ವಾಪಸ್ ಬಂದ ಜಾಗ ಬೆಳ್ಳಗೆ, ಏನೂ ಬಾರದ ಜಾಗ ಕಪ್ಪು. ತಿಳಿನೀರು ಬೆಳಕನ್ನು ಸುಮ್ನೆ ದಾಟಿಸಿಬಿಡುತ್ತದೆ, ಅದಕ್ಕೇ ಅದು ಕಪ್ಪು. ಕೊಬ್ಬು, ಪ್ರೋಟೀನು ಅಷ್ಟಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ, ಅದಕ್ಕೇ ಬೂದು. ಕೆಲವು ಪ್ರಿಂಟ್‌ಗಳಲ್ಲಿ ಕೆಂಪು, ಹಳದಿ, ಹಸಿರು ಇರುತ್ತವೆ. ಅವು ಸಾಫ್ಟ್‌ವೇರ್ ಬಳಿದ ಬಣ್ಣ. ಓದಲು ಕಪ್ಪು-ಬಿಳುಪಿನ ಚಿತ್ರವೇ ವಾಸಿ.

ಎಡಿಮಾದಲ್ಲಿ ಆರ್‌ಪಿಇ ಗೆರೆ ನೆಟ್ಟಗಿರುತ್ತದೆ. ಗಲಾಟೆಯೆಲ್ಲ ಅದರ ಮೇಲೆ. ಸಣ್ಣ ರಕ್ತನಾಳಗಳಿಂದ ಸೋರಿದ ನೀರು ಒಳಗಿನ ನ್ಯೂಕ್ಲಿಯರ್ ಪದರದಲ್ಲಿ ಮತ್ತು ಹೊರಗಿನ ಪ್ಲೆಕ್ಸಿಫಾರ್ಮ್ ಪದರದ ಸುತ್ತ ಸೇರುತ್ತದೆ. ಅಲ್ಲಿ ತೆಳು ಗೋಡೆಗಳ ನಡುವೆ ಕಪ್ಪು ಕೋಣೆಗಳು ಕಾಣುತ್ತವೆ. ಫೋವಿಯಾದ ಗುಳಿ ಮೊದಲು ಆಳ ಕಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಗುಳಿ ಇದ್ದ ಜಾಗವೇ ಉಬ್ಬುತ್ತದೆ. ನೀರು ರೆಟಿನಾ ಮತ್ತು ಆರ್‌ಪಿಇ ನಡುವೆ ಸೇರುವುದೂ ಉಂಟು. ಆಗಲೂ ಕಪ್ಪು ಜಾಗ ಆರ್‌ಪಿಇ ಗೆರೆಯ ಮೇಲೆಯೇ ಇರುತ್ತದೆ, ಕೆಳಗಲ್ಲ.

ಇಷ್ಟಾದರೂ ಗೊಂದಲ ಹುಟ್ಟುವುದು ಹೆಚ್ಚಾಗಿ ದಪ್ಪದ ಅಂಕಿಯಿಂದ. ವರದಿಯಲ್ಲಿ ಒಂದು ಸಂಖ್ಯೆ ಇರುತ್ತದೆ, ಅದು ಜಾಸ್ತಿ ಇದ್ದರೆ ನಕ್ಷೆ ಕೆಂಪಾಗುತ್ತದೆ, ಕೆಂಪಾದರೆ ‘ಎಡಿಮಾ’ ಎಂದು ಬರೆದುಬಿಡುತ್ತಾರೆ. ಆ ಸಂಖ್ಯೆ ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದು ಯಾರೂ ಕೇಳುವುದಿಲ್ಲ. ಕೆಲವು ಯಂತ್ರಗಳು ರೆಟಿನಾದ ಮೇಲಂಚಿನಿಂದ ಆರ್‌ಪಿಇವರೆಗೆ ಅಳೆಯುತ್ತವೆ. ಕೆಲವು ಬ್ರುಕ್ ಪೊರೆಯವರೆಗೂ ಇಳಿಯುತ್ತವೆ. ಹೀಗೆ ಇಳಿಯುವ ಯಂತ್ರದಲ್ಲಿ ಡ್ರೂಸನ್‌ನ ಎತ್ತರವೂ ‘ರೆಟಿನಾದ ದಪ್ಪ’ದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕಿ ನೋಡೋಣ. ವಯಸ್ಸು 68, ಸಕ್ಕರೆ ಕಾಯಿಲೆ ಇಲ್ಲ, ದೃಷ್ಟಿ ಹೆಚ್ಚುಕಡಿಮೆ ಸರಿಯಾಗಿದೆ. ಫೋವಿಯಾದ ಮಧ್ಯಬಿಂದುವಿನಲ್ಲಿ ದಪ್ಪ 310 ಮೈಕ್ರಾನ್ ಎಂದು ವರದಿ ಹೇಳುತ್ತದೆ. ಆ ಬಿಂದುವಿನಲ್ಲಿ ಸುಮಾರು 220–230 ಇದ್ದರೆ ಸಾಮಾನ್ಯ. ಆದ್ದರಿಂದ 310 ನೋಡಿ ಗಾಬರಿಯಾಗುವುದು ಸಹಜ, ಅಲ್ವಾ? ಈಗ ಚಿತ್ರಕ್ಕೆ ಹೋಗೋಣ. ಮೇಲಿನ ಪದರಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆ. ಕಪ್ಪು ಕೋಣೆ ಒಂದೂ ಇಲ್ಲ. ಗುಳಿ ಇದೆ, ಇಡೀ ಗುಳಿಯೇ ಸ್ವಲ್ಪ ಮೇಲಕ್ಕೆ ಸರಿದಂತಿದೆ. ಅದರ ಸರಿಯಾಗಿ ಕೆಳಗೆ ಆರ್‌ಪಿಇ ಉಬ್ಬಿದೆ, ಒಳಗೆ ಬೂದು. ಕರ್ಸರ್ ಇಟ್ಟು ಅಳೆದರೆ ಉಬ್ಬಿನ ಎತ್ತರ 85 ಮೈಕ್ರಾನ್. ಯಂತ್ರ ಬ್ರುಕ್ ಪೊರೆಯವರೆಗೆ ಅಳೆಯುವಂಥದ್ದು. 310ರಿಂದ 85 ಕಳೆದರೆ 225. ರೆಟಿನಾ ಊದಿಕೊಂಡೇ ಇಲ್ಲ. ಊತ ಎಂದು ಬರೆದ ವರದಿ ತಪ್ಪು, ಅಷ್ಟೇ.

ಇದೇ 310 ಸಕ್ಕರೆ ಕಾಯಿಲೆ ಇರುವವರ ಕಣ್ಣಿನಲ್ಲಿ ಬಂದು, ಆರ್‌ಪಿಇ ನೆಟ್ಟಗಿದ್ದು, ಗುಳಿಯ ಪಕ್ಕದಲ್ಲಿ ಕಪ್ಪು ಕೋಣೆಗಳಿದ್ದರೆ ಅದು ಎಡಿಮಾ. ಸಂಖ್ಯೆ ಒಂದೇ, ಕಾಯಿಲೆ ಬೇರೆ. ಇನ್ನೊಂದು ಮಾತು: ಯಂತ್ರ ಗೆರೆಗಳನ್ನು ತಾನೇ ಎಳೆದುಕೊಳ್ಳುತ್ತದೆ. ಡ್ರೂಸನ್ ಇರುವಲ್ಲಿ ಆ ಗೆರೆ ಉಬ್ಬಿನ ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ಎಂದು ಆಗಾಗ ತಪ್ಪುತ್ತದೆ. ಸಂಖ್ಯೆ ನಂಬುವ ಮುಂಚೆ ಆ ಗೆರೆ ಎಲ್ಲಿ ಬಿದ್ದಿದೆ ಎಂದು ಚಿತ್ರದಲ್ಲೇ ನೋಡಬೇಕು.

ಡ್ರೂಸನ್‌ನ ಗಾತ್ರ ಹೇಳುವುದು ಅಗಲದಿಂದ. 63 ಮೈಕ್ರಾನ್‌ಗಿಂತ ಕಡಿಮೆ ಇದ್ದರೆ ಸಣ್ಣದು, 125 ದಾಟಿದರೆ ದೊಡ್ಡದು. 6 ಮಿಲಿಮೀಟರ್ ಅಗಲದ ಸ್ಕ್ಯಾನ್‌ನಲ್ಲಿ 125 ಮೈಕ್ರಾನ್ ಅಂದರೆ ಚಿತ್ರದ ಅಗಲದಲ್ಲಿ ಸುಮಾರು 48ರಲ್ಲಿ ಒಂದು ಪಾಲು. ಹಾಗಿದ್ದೂ ಅದು ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಸ್ಕ್ಯಾನ್ ತೋರಿಸುವಾಗ ಚಿತ್ರವನ್ನು ಸಾಮಾನ್ಯವಾಗಿ ಮೇಲೆ-ಕೆಳಗೆ ಹಿಗ್ಗಿಸಿರುತ್ತಾರೆ. ಕಣ್ಣಂದಾಜಿನಲ್ಲಿ ‘ಭಾರಿ ಉಬ್ಬು’ ಎನ್ನುವವರು ಇದನ್ನು ಮರೆತಿರುತ್ತಾರೆ.

ಬಣ್ಣದ ನಿಯಮವೂ ಎಲ್ಲ ಕಡೆ ನಡೆಯುವುದಿಲ್ಲ. ಕಪ್ಪು ಜಾಗ ಆರ್‌ಪಿಇ ಕೆಳಗೆ ಇದ್ದರೆ ಅದು ಎಡಿಮಾವೂ ಅಲ್ಲ, ಮಾಮೂಲಿ ಡ್ರೂಸನ್ನೂ ಅಲ್ಲ. ನೀರು ತುಂಬಿ ಆರ್‌ಪಿಇ ಬಿಟ್ಟುಕೊಂಡಿದೆ ಎಂದರ್ಥ. ಇನ್ನೊಂದು ಕಡೆ, ಮ್ಯಾಕ್ಯುಲರ್ ಟೆಲಾಂಜಿಯೆಕ್ಟೇಸಿಯಾದ ಎರಡನೇ ಬಗೆಯಲ್ಲಿ ರೆಟಿನಾದೊಳಗೇ ಕಪ್ಪು ಖಾಲಿ ಜಾಗಗಳಿರುತ್ತವೆ, ಆದರೆ ದಪ್ಪ ಹೆಚ್ಚಿರುವುದಿಲ್ಲ. ಅಲ್ಲಿ ನೀರು ಸೇರಿದ್ದಲ್ಲ, ಅಂಗಾಂಶ ಸವೆದದ್ದು. ಹಾಗೆಯೇ, ಕಣ್ಣಿನ ನರದ ತುದಿಯಲ್ಲಿ ಸುಣ್ಣಗಟ್ಟಿದ ಗಡ್ಡೆಗಳಿಗೂ ಡ್ರೂಸನ್ ಎಂದೇ ಹೆಸರು. ಮ್ಯಾಕ್ಯುಲಾದ ಡ್ರೂಸನ್‌ಗೂ ಅದಕ್ಕೂ ಸಂಬಂಧವಿಲ್ಲ.

ಎರಡೂ ಒಟ್ಟಿಗೆ ಕಂಡರೆ ಮಾತ್ರ ತಡಮಾಡಬಾರದು. ಡ್ರೂಸನ್ ಇದ್ದ ಕಣ್ಣಿನಲ್ಲಿ ಹೊಸದಾಗಿ ಕಪ್ಪು ಜಾಗ ಬಂದರೆ, ಕೆಳಗಿನಿಂದ ಹೊಸ ರಕ್ತನಾಳ ಬೆಳೆದು ಸೋರುತ್ತಿರಬಹುದು. ಇದೇ ಎಎಂಡಿಯ, ಅಂದರೆ ವಯಸ್ಸಾದಂತೆ ಮ್ಯಾಕ್ಯುಲಾ ಕೆಡುವ ಕಾಯಿಲೆಯ, ಒದ್ದೆ ಬಗೆ. ಇಲ್ಲಿ ಹೊಸ ರಕ್ತನಾಳದ ಬೆಳವಣಿಗೆ ಮತ್ತು ಸೋರಿಕೆ ತಡೆಯುವ ಆಂಟಿ-ವಿಇಜಿಎಫ್ ಇಂಜೆಕ್ಷನ್ ಬೇಕಾಗುತ್ತದೆ. ಎತ್ತರದ ಎರಡು ಡ್ರೂಸನ್ ನಡುವಿನ ತಗ್ಗಿನಲ್ಲಿ ಹೊಸ ರಕ್ತನಾಳವೇ ಇಲ್ಲದೆ ಚೂರು ನೀರು ನಿಲ್ಲುವುದೂ ಉಂಟು. ಇವೆರಡನ್ನು ಬೇರೆ ಮಾಡಲು ಓಸಿಟಿ ಆಂಜಿಯೋಗ್ರಫಿಯೋ, ಡೈ ಹಾಕಿ ತೆಗೆಯುವ ಆಂಜಿಯೋಗ್ರಫಿಯೋ ಬೇಕು. ಅದಕ್ಕೂ ಮುಂಚೆ ಸ್ಕ್ಯಾನ್‌ನ ಎಲ್ಲ ಸೀಳುಗಳನ್ನೂ ಪರದೆಯ ಮೇಲೆ ಒಂದೊಂದಾಗಿ ಓಡಿಸಿ ನೋಡಬೇಕು. ವರದಿಯಲ್ಲಿ ಪ್ರಿಂಟ್ ಆಗುವುದು ಸಾಮಾನ್ಯವಾಗಿ ಫೋವಿಯಾ ಮೂಲಕ ಹೋಗುವ ಒಂದೋ ಎರಡೋ ಸೀಳು. ನೀರು ಅದರ ಪಕ್ಕದ ಸೀಳಿನಲ್ಲಿದ್ದರೆ ಕಾಗದದ ಮೇಲೆ ಕಾಣುವುದೇ ಇಲ್ಲ.